ತೆಲುಗು ಬೋರ್ಡ್ ಏನೋ ಇದೆ, ಆದ್ರೆ ಆಂಧ್ರನಾ ತೆಲಂಗಾಣನಾ?

ಲಾರಿ ಓಡಿಸೋ ಫ್ರೆಂಡ್ ಒಬ್ಬ ರೋಡ್ ಸೈಡಲ್ಲಿ ತೆಗೆದ ಫೋಟೋ ಕಳ್ಸಿ "ಎಲ್ಲಿದು ಹೇಳು ನೋಡಾಣ" ಅಂದ. ಹತ್ತಿ ಹೊಲ, ತೆಲುಗಲ್ಲಿ ಗೊಬ್ಬರದಂಗಡಿ ಬೋರ್ಡು, ದೂರದಲ್ಲಿ ಕೆಂಪು ಬಿಳಿ ಪಟ್ಟೆ ಟವರ್ರು, ಒಂದು ಹಳೇ ಟ್ರ್ಯಾಕ್ಟರು. ಟ್ರ್ಯಾಕ್ಟರ್ ನಂಬರಲ್ಲಿ ಎಪಿ ಅಂತ ಮಾತ್ರ ಕಾಣುತ್ತೆ, ಮಿಕ್ಕಿದ್ದು ಮಸುಕು. ಎಪಿ ಇದ್ದ ಮಾತ್ರಕ್ಕೆ ಆಂಧ್ರ ಅನ್ನಕ್ಕಾಗಲ್ಲ, 2014ರ ಜೂನ್‌ಗಿಂತ ಮುಂಚೆ ತೆಲಂಗಾಣದ ಗಾಡಿಗಳಿಗೂ ಅದೇ ಇತ್ತಲ್ಲ.

ಹಾಗಾಗಿ ಇಂಥ ಫೋಟೋದಲ್ಲಿ ನಾನು ನೋಡೋದು, ಯಾವ್ದು ರಾಜ್ಯ ಒಡೆದ ಮೇಲೆ ಹಾಕಿದ್ದು ಅಂತ. ಅಂಗಡಿ ಪಕ್ಕ ತುಕ್ಕು ಹಿಡಿದ ಬಿಎಸ್‌ಎನ್‌ಎಲ್ ಡಬ್ಬ ಇತ್ತು, ಅದು ಲ್ಯಾಂಡ್‌ಲೈನ್ ಕಾಲದ್ದು, ಎರಡೂ ಕಡೆ ಒಂದೇ ಥರ, ಬಿಟ್ಟೆ. ಟವರ್ರೂ ಅಷ್ಟೇ, ಅವೇ ಕಂಪನಿಗಳು ದೇಶದ ತುಂಬಾ ನಿಲ್ಸಿರ್ತಾರೆ, ಅದ್ರಿಂದ ರಾಜ್ಯ ಗೊತ್ತಾಗಲ್ಲ.

ಉಳಿದಿದ್ದು ಕೇಬಲ್ಲು. ಆಂಧ್ರದಲ್ಲಿ ಸರ್ಕಾರದ ಇಂಟರ್ನೆಟ್ ಕಂಪನಿ ಎಪಿ ಫೈಬರ್‌ನೆಟ್‌ನವ್ರು ನೆಲ ಅಗೆಯೋ ಖರ್ಚು, ಟೈಮು ಉಳಿಸೋಕೆ ಫೈಬರನ್ನ ಕರೆಂಟ್ ಕಂಬದ ಮೇಲೇ ಎಳೆದ್ರು. ತೆಲಂಗಾಣದಲ್ಲಿ ಅಲ್ಲಿನ ಸರ್ಕಾರದ ಟಿ-ಫೈಬರ್‌ಗೆ ಮಿಷನ್ ಭಗೀರಥ ಕುಡಿಯೋ ನೀರಿನ ಪೈಪಿಗೆ ತೋಡಿದ ಗುಂಡೀಲೇ ಡಕ್ಟ್ ಹಾಕಿದ್ರು, ಅದು ಫೋಟೋದಲ್ಲಿ ಎಲ್ಲಿಂದ ಕಾಣ್ಬೇಕು. ಝೂಮ್ ಮಾಡಿದ್ರೆ ನಮ್ಮ ಫೋಟೋದ ಸಿಮೆಂಟ್ ಕಂಬದ ತುದೀಲಿ ಮೂರು ಕರೆಂಟ್ ತಂತಿ, ಅದ್ರಿಂದ ಸಾಕಷ್ಟು ಕೆಳಗೆ ಒಂದೇ ಒಂದು ಕಪ್ಪು ಕೇಬಲ್ಲು, ಪ್ರತಿ ಕಂಬದಲ್ಲೂ ನೀಟಾಗಿ ಕ್ಲ್ಯಾಂಪ್ ಆಗಿದೆ, ಒಂದು ಕಂಬದಲ್ಲಿ ಮಿಕ್ಕಿದ ಕೇಬಲ್ ಸುತ್ತಿ ಕಟ್ಟಿದ ಸಿಂಬೆ, ಪಕ್ಕದಲ್ಲೇ ಜಾಯಿಂಟ್ ಡಬ್ಬಿ. ಯಾವ ಮನೆಗೂ ಇಳಿದಿಲ್ಲ, ಊರು ದಾಟಿ ಹೊಲದ ಮಧ್ಯೆ ಸೀದಾ ಹೋಗ್ತಿದೆ.

ಇದೇ ಮುಖ್ಯ. ಊರೊಳಗೆ ಲೋಕಲ್ ಕೇಬಲ್ ಟಿವಿಯವ್ರ ಗೋಜಲು ಎಲ್ಲಾ ಕಡೆ ಇರುತ್ತೆ, ಜೋತು ಬಿದ್ದು, ಮನೆ ಮನೆಗೆ ಕವಲೊಡೆದು, ಅದನ್ನ ನೋಡಿ ರಾಜ್ಯ ಹೇಳೋದು ಬರೀ ಜೂಜು. ತೆಲಂಗಾಣದ ಹಳ್ಳಿ ರೋಡಲ್ಲೂ ಪ್ರೈವೇಟ್‌ನವ್ರು ಕಂಬದ ಮೇಲೆ ಎಳೆದಿರ್ಬೋದು, ಅದಕ್ಕೇ ಕೇಬಲ್ ಒಂದನ್ನೇ ನಂಬಿ ಕೂರಲ್ಲ ನಾನು. ಟ್ರಾನ್ಸ್‌ಫಾರ್ಮರ್ ಇದ್ರೆ ಅದ್ರ ಮೇಲೆ ಕರೆಂಟ್ ಕಂಪನಿ ಹೆಸರು ಹುಡುಕ್ತೀನಿ, ಇದ್ರಲ್ಲಿ ಇರ್ಲಿಲ್ಲ.

ಆದ್ರೆ ಹಿಂದೆ ಒಂದು ಕಾಲುವೆ ಏರಿ ಇತ್ತು. ಆಂಧ್ರ ಅಂದ್ಕೊಂಡು ಸ್ಯಾಟಲೈಟ್ ಮ್ಯಾಪಲ್ಲಿ ನಾಗಾರ್ಜುನಸಾಗರದ ಬಲದಂಡೆ ಕಾಲುವೆ ಹಿಡ್ಕೊಂಡು ಪಲ್ನಾಡು ಕಡೆ ಹೋದೆ, ಆ ಕಾಲುವೆ ಪೂರ್ತಿ ಆಂಧ್ರದ್ದೇ, ಎಡದಂಡೆದು ಮೊದ್ಲು ತೆಲಂಗಾಣದ ನಲ್ಗೊಂಡ ಸುತ್ಕೊಂಡು ಬರುತ್ತೆ. ಟವರ್ರು ಕೆಲಸಕ್ಕೆ ಬಂದಿದ್ದು ಇಲ್ಲಿ. ಮೇಲಿಂದ ನೋಡಿದ್ರೆ ಟವರ್ ಚುಕ್ಕೆ ಥರ ಕಂಡ್ರೂ ಅದ್ರ ಜಾಲರಿ ನೆರಳು ಹೊಲದ ಮೇಲೆ ಉದ್ದಕ್ಕೆ ಬಿದ್ದಿರುತ್ತೆ, ಸುಲಭವಾಗಿ ಸಿಗುತ್ತೆ. ಕಾಲುವೆ ಎಡಕ್ಕೆ, ರೋಡ್ ತಿರುವು ಮುಂದೆ, ಟವರ್ ಬಲಕ್ಕೆ ಬರೋ ಜಾಗ ಹುಡುಕಿ ಪಿನ್ ಕಳಿಸ್ದೆ. "ಇಲ್ಲೇ ಟೀ ಕುಡಿದಿದ್ದು ಮಾರಾಯಾ" ಅಂತ ರಿಪ್ಲೈ ಬಂತು.