ತೊಳೆಯುವುದನ್ನು ಬಿಟ್ಟೆ, ಮೊಟ್ಟೆ ಕೆಡುವುದು ನಿಂತಿತು

ನಮ್ಮ ಮನೆ ಹಿತ್ತಲಲ್ಲಿ ಹದಿನಾಲ್ಕು ನಾಟಿ, ಏಳೆಂಟು ಗಿರಿರಾಜ ಕೋಳಿ ಇವೆ. ದಿನಕ್ಕೆ ಐದಾರು ಮೊಟ್ಟೆ ಸಿಗುತ್ತವೆ, ಒಂದಕ್ಕೆ 15 ರೂಪಾಯಿಯಂತೆ ಅಕ್ಕಪಕ್ಕದವರೇ ಕೊಳ್ಳುತ್ತಾರೆ. ಮೊದಲು ಎಲ್ಲವನ್ನೂ ಬೋರ್‌ವೆಲ್ ನೀರಲ್ಲಿ ಉಜ್ಜಿ ತೊಳೆದು ಕೊಡುತ್ತಿದ್ದೆ. ನೋಡಲು ಫಳಫಳ. ಆದರೆ ಒಂದು ಏಪ್ರಿಲ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಮೊಟ್ಟೆ ಕೆಟ್ಟು ವಾಪಸ್ ಬಂದವು, ಐನೂರು ರೂಪಾಯಿ ಹತ್ತಿರ ಹೋಯಿತು. ಅದೇ ಬೇಸಿಗೆಯಲ್ಲಿ ತೊಳೆದ ಹನ್ನೆರಡು ಮೊಟ್ಟೆ ಕಾವಿಗಿಟ್ಟರೆ ಮರಿಯಾಗಿದ್ದು ಮೂರೇ. ಎರಡಂತೂ ಕೋಳಿಯ ಕೆಳಗೇ ಒಡೆದು ಗಬ್ಬು ನಾತ.

ತಪ್ಪು ನನ್ನ ಕೈಯಲ್ಲೇ ಇತ್ತು. ಮೊಟ್ಟೆ ಹೊರಗೆ ಬಂದಾಗ ಒದ್ದೆಯಾಗಿರುತ್ತದಲ್ಲ, ಆ ಲೋಳೆ ಕೆಲವೇ ನಿಮಿಷದಲ್ಲಿ ಒಣಗಿ ತೆಳು ಪೊರೆಯಾಗಿ, ಚಿಪ್ಪಿನ ಸಾವಿರಾರು ಸಣ್ಣ ತೂತುಗಳನ್ನು ಮುಚ್ಚುತ್ತದೆ. ಉಜ್ಜಿದರೆ ಅದು ಹೋಯಿತು. ಜೊತೆಗೆ ಬೆಚ್ಚಗಿರುವ ಮೊಟ್ಟೆ ತಣ್ಣೀರಿಗೆ ಬಿದ್ದರೆ ಒಳಗಿರುವುದು ಕುಗ್ಗಿ, ಹೊರಗಿನ ಕೊಳೆ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ.

ತೊಳೆಯದೆ ಕೊಡುತ್ತೇನೆ ಅಂದಾಗ ಅಮ್ಮ ಸೇರಿ ಯಾರೂ ಒಪ್ಪಲಿಲ್ಲ. ಹಾಗಾಗಿ ಒಂದೇ ದಿನ ತೊಳೆದ ಹತ್ತು, ತೊಳೆಯದ ಹತ್ತು ಅಡುಗೆಮನೆ ಮೂಲೆಯಲ್ಲಿ ಇಟ್ಟೆ. ಮೂರು ವಾರ ಬಿಟ್ಟು ನೀರಿಗೆ ಹಾಕಿದರೆ ತೊಳೆದವು ಬಹುತೇಕ ನೆಟ್ಟಗೆ ನಿಂತವು, ಎರಡು ತೇಲಿದವು. ತೊಳೆಯದವು ಸ್ವಲ್ಪ ಓರೆಯಾಗಿ ತಳದಲ್ಲೇ ಇದ್ದವು. ಒಳಗೆ ಒಣಗಿದಷ್ಟೂ ಮೊಟ್ಟೆ ಹಗುರಾಗಿ ಮೇಲೇಳುತ್ತದೆ. ಒಡೆದು ನೋಡಿದರೆ ತೊಳೆದವುಗಳಲ್ಲಿ ನಾಲ್ಕು ಕೊಳೆತಿದ್ದವು, ತೊಳೆಯದವುಗಳಲ್ಲಿ ಒಂದೂ ಇಲ್ಲ. ತೊಳೆದ ಮೊಟ್ಟೆಗೆ ಕೊಬ್ಬರಿ ಎಣ್ಣೆ ಸವರಿಯೂ ನೋಡಿದೆ. ಒಣಗುವುದು ಕಡಿಮೆಯಾಯಿತು, ಆದರೆ ಆಗಲೇ ಒಳಗೆ ಹೋದ ಕೊಳೆಗೆ ಎಣ್ಣೆ ಏನು ಮಾಡೀತು?

ನಿಜವಾದ ಕೆಲಸ ಇರುವುದು ಮೊಟ್ಟೆ ಕೊಳೆಯಾಗದಂತೆ ನೋಡಿಕೊಳ್ಳುವುದರಲ್ಲಿ. ನನ್ನ ಕೋಳಿಗಳು ರಾತ್ರಿ ಮೊಟ್ಟೆ ಇಡುವ ಮಕ್ಕರಿಯಲ್ಲೇ ಮಲಗಿ ಹಿಕ್ಕೆ ಹಾಕುತ್ತಿದ್ದವು. ಕೂರುವ ಕೋಲನ್ನು ಮಕ್ಕರಿಗಿಂತ ಎರಡು ಅಡಿ ಮೇಲೆ ಕಟ್ಟಿದೆ, ಸಂಜೆ ಮಕ್ಕರಿಗಳನ್ನು ಬೋರಲು ಹಾಕಿದೆ, ಅಷ್ಟಕ್ಕೇ ಅರ್ಧ ಗಲೀಜು ನಿಂತಿತು. ಮೆತ್ತೆಗೆ ರಾಗಿ ಹುಲ್ಲು, ವಾರಕ್ಕೊಮ್ಮೆ ಬದಲು. ಹೇನು ಹತ್ತದಿರಲು ಅದರ ಜೊತೆ ಇನ್ನೊಂದು ಸೊಪ್ಪು ಸೇರಿಸುತ್ತೇನೆ, ಯಾವುದು ಅಂತ ಮಾತ್ರ ಕೇಳಬೇಡಿ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ ಆರಿಸುತ್ತೇನೆ. ಮಳೆಗಾಲದಲ್ಲಿ ಇನ್ನೊಂದು ಸಲ, ಯಾಕೆಂದರೆ ಕೆಸರುಗಾಲು ಬಿದ್ದರೆ ಮುಗಿಯಿತು.

ಚೂರುಪಾರು ಅಂಟಿದ್ದರೆ ಒಣ ತೆಂಗಿನ ನಾರಿನಲ್ಲಿ ಅಷ್ಟು ಜಾಗ ಮಾತ್ರ ಮೆಲ್ಲಗೆ ಒರೆಸುತ್ತೇನೆ. ಜೋರಾಗಿ ತಿಕ್ಕಿದರೆ ಅಲ್ಲೂ ಪೊರೆ ಹೋಗುತ್ತದೆ. ತುಂಬಾ ಗಲೀಜಾದದ್ದನ್ನು ಮಾರುವುದಿಲ್ಲ, ಮೊಟ್ಟೆಗಿಂತ ಬೆಚ್ಚಗಿರುವ ನೀರಲ್ಲಿ ತೊಳೆದು ಅವತ್ತೇ ನಮ್ಮ ಮನೆ ಸಾರಿಗೆ ಹಾಕುತ್ತೇವೆ. ಕೊಳ್ಳುವವರಿಗೂ ಹೇಳುತ್ತೇನೆ, ತೊಳೆಯುವುದಿದ್ದರೆ ಇನ್ನೇನು ಒಡೆಯಬೇಕು ಅನ್ನುವಾಗ ಮಾತ್ರ ತೊಳೆಯಿರಿ, ತೊಳೆಯದ ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ ಅಂತ.

ಈ ಬೇಸಿಗೆಯಲ್ಲಿ ವಾಪಸ್ ಬಂದದ್ದು ಎರಡೇ ಮೊಟ್ಟೆ. ಕಾವಿಗಿಟ್ಟ ಹನ್ನೊಂದರಲ್ಲಿ ಒಂಬತ್ತು ಮರಿಯಾದವು. ಈಗ ಮೊಟ್ಟೆಯನ್ನು ನೀರಿನ ಹತ್ತಿರ ತಂದರೆ ಅಮ್ಮನೇ ಬೈಯುತ್ತಾರೆ.