ಐಇಎಲ್‌ಟಿಎಸ್ ಮಾತಿನ ಪರೀಕ್ಷೆ: ‘ಆಕ್ಚುಲಿ’, ‘ಮೀನ್ಸ್’ ಇಲ್ಲದೆ ಎರಡು ನಿಮಿಷ ಮಾತಾಡುವುದು ಹೇಗೆ?

ಹೊರದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದರ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು. ಅದರಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ಊರು, ಓದು, ಕೆಲಸ ಅಂತ ಸಣ್ಣ ಪ್ರಶ್ನೆಗಳಿರುತ್ತವೆ. ಮೂರನೆಯದು ಚರ್ಚೆ. ನಾನು ಶಿರಸಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ. ಕಾರವಾರ, ಕುಮಟಾ ಕಡೆಯಿಂದಲೂ ಕೆಲವರು ಫೋನಿನಲ್ಲೇ ಅಭ್ಯಾಸ ಮಾಡುತ್ತಾರೆ. ಅವರೆಲ್ಲ ಜಾಸ್ತಿ ಹೆದರುವುದು ನಡುವಿನ ಭಾಗಕ್ಕೆ. ಪರೀಕ್ಷಕರು ಒಂದು ಕಾರ್ಡ್ ಕೊಡುತ್ತಾರೆ, ಜೊತೆಗೆ ಪೆನ್ಸಿಲ್ಲು, ಕಾಗದ. ತಯಾರಿಗೆ ಒಂದು ನಿಮಿಷ. ಆಮೇಲೆ ಒಂದರಿಂದ ಎರಡು ನಿಮಿಷ ಒಬ್ಬರೇ ಮಾತಾಡಬೇಕು. ಈ ಲೇಖನ ಆ ಎರಡು ನಿಮಿಷದ ಬಗ್ಗೆ ಮಾತ್ರ.

ಮೊದಲು ನಿಮ್ಮ ಮಾತು ನೀವೇ ಕೇಳಿ

ಒಂದು ಕಾರ್ಡ್ ಹೀಗಿದೆ ಅಂದುಕೊಳ್ಳಿ: ನೀರಿನ ಹತ್ತಿರ ಇರುವ, ನಿಮಗೆ ಇಷ್ಟವಾದ ಒಂದು ಜಾಗದ ಬಗ್ಗೆ ಹೇಳಿ. ಅದು ಎಲ್ಲಿದೆ, ಯಾವಾಗ ಹೋಗಿದ್ದಿರಿ, ಅಲ್ಲಿ ಏನು ಮಾಡಿದಿರಿ, ಯಾಕೆ ಇಷ್ಟವಾಯಿತು?

ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ತಯಾರಿ ಇಲ್ಲದೆ ಮಾತಾಡಿ ನೋಡಿ. ನರ್ಸಿಂಗ್ ಮುಗಿಸಿದ ನನ್ನ ವಿದ್ಯಾರ್ಥಿನಿಯೊಬ್ಬಳು ಶಾಲ್ಮಲೆ ನದಿಯ ಬಂಡೆಗಳಲ್ಲಿ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗದ ಬಗ್ಗೆ ಮಾತಾಡಿದಳು. ಅವಳ ಶುರು ಹೀಗಿತ್ತು:

“ಸೋ, ಆಕ್ಚುಲಿ, ಐ ವಾಂಟ್ ಟು ಟಾಕ್ ಅಬೌಟ್ ಸಹಸ್ರಲಿಂಗ. ಮೀನ್ಸ್, ಇಟ್ ಈಸ್ ನಿಯರ್ ಸಿರ್ಸಿ. ದೆನ್ ವಿ ವೆಂಟ್ ಬೈ ಬೈಕ್. ದೆನ್ ವಿ ಸಾ ದ ಲಿಂಗಾಸ್ ಅಂಡ್ ಆಲ್. ದೆನ್… ಆಂ… ಇಟ್ ವಾಸ್ ವೆರಿ ನೈಸ್.”

ಒಂದು ನಿಮಿಷವೂ ಆಗಿರಲಿಲ್ಲ, ಮಾತು ಮುಗಿದಿತ್ತು. “ಸರ್, ನಂಗೆ ಇಂಗ್ಲಿಷೇ ಬರೋದಿಲ್ಲ” ಅಂದಳು. ಆದರೆ ಮತ್ತೆ ಕೇಳಿ ನೋಡಿ. ವಾಕ್ಯಗಳ ಒಳಗೆ ದೊಡ್ಡ ತಪ್ಪೇನೂ ಇಲ್ಲ. ತೊಂದರೆ ಇರುವುದು ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ. ‘ಮೀನ್ಸ್’, ‘ದೆನ್’, ‘ಆಂ’ ಎಲ್ಲ ಅಲ್ಲೇ ಬಂದು ಕೂತಿವೆ. ಮುಂದೆ ಏನು ಹೇಳಬೇಕು ಅಂತ ತಲೆಗೆ ಹೊಳೆಯುವ ಮೊದಲೇ ಬಾಯಿ ಮುಂದೆ ಹೋಗಿಬಿಟ್ಟಿದೆ.

ಸಾಲುಸಾಲು ‘ದೆನ್’ ಬರುವುದಕ್ಕೆ ಇನ್ನೂ ಒಂದು ಕಾರಣ ಇದೆ. ನಾವು ಕನ್ನಡದಲ್ಲಿ ‘ಹೋಗಿ, ನೋಡಿ, ಕೂತು, ಬಂದೆವು’ ಅಂತ ಒಂದೇ ಉಸಿರಿಗೆ ಪೋಣಿಸುತ್ತೇವೆ. ಆ ಪೋಣಿಕೆಯನ್ನೇ ಇಂಗ್ಲಿಷಿಗೆ ತಂದಾಗ ಪ್ರತಿ ಗಂಟಿನಲ್ಲೂ ಒಂದು ‘ದೆನ್’ ಬೇಕಾಗುತ್ತದೆ. ‘ಅಂದ್ರೆ’ ಅನ್ನುವ ನಮ್ಮ ರೂಢಿಯೇ ‘ಮೀನ್ಸ್’ ಆಗಿ ಬರುತ್ತದೆ.

ರೆಕಾರ್ಡಿಂಗ್ ಪೂರ್ತಿ ಬರೆದುಕೊಳ್ಳುವುದು ಬೇಡ. ತಡವರಿಸಿದ ಕಡೆಯಲ್ಲೆಲ್ಲ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಮುಂದಿನ ವಿಷಯ ಹೊಳೆಯದೆ ತಡವರಿಸಿದ್ದರೆ ‘ವಿ’, ಇಂಗ್ಲಿಷ್ ಪದ ಸಿಗದೆ ತಡವರಿಸಿದ್ದರೆ ‘ಪ’ ಅಂತ ಪಕ್ಕದಲ್ಲಿ ಬರೆಯಿರಿ. ಎರಡಕ್ಕೂ ಔಷಧ ಬೇರೆ ಬೇರೆ. ಅಂಕ ಕೊಡುವ ಅಳತೆಗೋಲಿನಲ್ಲೂ ಈ ವ್ಯತ್ಯಾಸ ಇದೆ. 8ನೇ ಬ್ಯಾಂಡ್, ಅಂದರೆ ಅಷ್ಟು ಮೇಲಿನ ಅಂಕದ ಮಟ್ಟದವರೂ ತಡೆಯುತ್ತಾರೆ, ಆದರೆ ಹೆಚ್ಚಾಗಿ ವಿಷಯ ಯೋಚಿಸಲು ತಡೆಯುತ್ತಾರೆ. ಪದಕ್ಕಾಗಿ, ವ್ಯಾಕರಣಕ್ಕಾಗಿ ಪದೇ ಪದೇ ತಡಕಾಡಿದರೆ ಬ್ಯಾಂಡ್ ಇಳಿಯುತ್ತದೆ.

ಒಂದು ನಿಮಿಷದಲ್ಲಿ ಏನು ಬರೆಯಬೇಕು

ಹೆಚ್ಚಿನವರು ಈ ನಿಮಿಷದಲ್ಲಿ ಪೂರ್ತಿ ವಾಕ್ಯ ಬರೆಯಲು ಹೋಗುತ್ತಾರೆ. ಎರಡು ವಾಕ್ಯ ಆಗುವಷ್ಟರಲ್ಲಿ ಸಮಯ ಮುಗಿಯುತ್ತದೆ. ಆ ಎರಡು ವಾಕ್ಯ ಓದಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ನೀವು ವಾಕ್ಯ ಬರೆಯಬೇಡಿ, ತಿರುವುಗಳನ್ನು ಬರೆಯಿರಿ. ಎಲ್ಲಿಂದ ಎಲ್ಲಿಗೆ ಹೋಗುತ್ತೇನೆ ಅನ್ನುವುದಷ್ಟೇ ಕಾಗದದ ಮೇಲಿರಲಿ. ನಾವಿಬ್ಬರೂ ಕೂತು ಅವಳ ಕಾಗದವನ್ನು ಹೀಗೆ ಮಾಡಿದೆವು, ಒಂದರ ಕೆಳಗೆ ಒಂದು:

ರಾಕಿ ರಿವರ್, ಸಿರ್ಸಿ
ಜನವರಿ, ಕಸಿನ್ಸ್, ಮಳೆಗಾಲ ಯಾಕಲ್ಲ
ಫೀಟ್ ಇನ್ ವಾಟರ್
ಬಸವನ ಕಲ್ಲು
ನೋ ಹರಿ

ಅವಸರದಲ್ಲಿ ಕನ್ನಡ ಪದ ಬಂದರೆ ಅದನ್ನೇ ಬರೆದುಕೊಳ್ಳಿ. ಆ ಕಾಗದಕ್ಕೆ ಅಂಕವಿಲ್ಲ.

ನಾಲ್ಕನೇ ಸಾಲು ನೋಡಿ. ಮೊದಲ ಸಲ ಅವಳು ಲಿಂಗ ನೋಡಿದೆವು ಅಂತಷ್ಟೇ ಹೇಳಿ ಮುಂದೆ ಹೋಗಿದ್ದಳು. “ಯಾವ ಕಲ್ಲು ಕಣ್ಣಿಗೆ ಕಟ್ಟಿದ ಹಾಗಿದೆ, ತಂಗಿ?” ಅಂತ ಕೇಳಿದೆ. ಅರ್ಧ ನೀರಲ್ಲಿ ಮುಳುಗಿದ್ದ, ಬೆನ್ನ ಮೇಲೆ ಪಾಚಿ ಹತ್ತಿದ್ದ ಒಂದು ಸಣ್ಣ ಬಸವನ ಬಗ್ಗೆ ಹೇಳಿದಳು. ತಂಗಿಯ ಮಗ ಅದಕ್ಕೆ ನೀರು ಕುಡಿಸಲು ಹೋಗಿದ್ದನಂತೆ. ಅರ್ಧ ನಿಮಿಷದ ಮಾತು ಅಲ್ಲೇ ಸಿಕ್ಕಿತು. ಯಾವ ಕಾರ್ಡ್ ಬಂದರೂ ಇಂಥ ಒಂದು ವಸ್ತುವನ್ನೋ ಗಳಿಗೆಯನ್ನೋ ಆರಿಸಿ ಅದರ ಹತ್ತಿರ ನಿಲ್ಲಿ. ಕಣ್ಣ ಮುಂದೆ ಚಿತ್ರ ಇದ್ದರೆ ‘ವಿ’ ಗೆರೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಸಂದಿಯಲ್ಲಿ ಇಡುವ ಮಾತು

ಈಗ ಸಾಲಿನಿಂದ ಸಾಲಿಗೆ ದಾಟಬೇಕು. ಇಲ್ಲಿ ಕೋಚಿಂಗ್ ನೋಟ್ಸುಗಳ ಪಟ್ಟಿ ನಂಬಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ‘ಫರ್ಸ್ಟ್‌ಲಿ, ಸೆಕೆಂಡ್‌ಲಿ, ಮೋರ್‌ಓವರ್, ಇನ್ ಕನ್‌ಕ್ಲೂಷನ್’ ಇವೆಲ್ಲ ಪ್ರಬಂಧದ ಮಾತು. ನದಿಗೆ ಹೋಗಿ ಬಂದ ಕಥೆ ಹೇಳುವಾಗ ಯಾರೂ ‘ಮೋರ್‌ಓವರ್’ ಅನ್ನುವುದಿಲ್ಲ, ಅಲ್ವಾ? ಜೋಡಿಸುವ ಪದಗಳ ಅತಿಬಳಕೆಯನ್ನು 5ನೇ ಬ್ಯಾಂಡಿನ ಲಕ್ಷಣ ಅಂತಲೇ ಅಳತೆಗೋಲಿನಲ್ಲಿ ಬರೆದಿದ್ದಾರೆ. ಪದ ತುರುಕಿದಷ್ಟೂ ಅಂಕ ಏರುವುದಿಲ್ಲ.

ಎರಡು ನಿಮಿಷಕ್ಕೆ ನಾಲ್ಕೈದು ಜೋಡಣೆ ಸಾಕು. ಪ್ರತಿಯೊಂದೂ ಒಂದು ಕೆಲಸ ಮಾಡಬೇಕು. ಅವಳ ಹೊಸ ಉತ್ತರದ ಸಂದಿಗಳನ್ನು ನೋಡಿ.

ಶುರು: “ದ ಪ್ಲೇಸ್ ಐ ಹ್ಯಾವ್ ಇನ್ ಮೈಂಡ್ ಈಸ್ ಎ ರಾಕಿ ರಿವರ್ ನಿಯರ್ ಮೈ ಟೌನ್, ಸಿರ್ಸಿ.” ‘ಐ ವಾಂಟ್ ಟು ಟಾಕ್ ಅಬೌಟ್’ ತಪ್ಪಲ್ಲ, ಆದರೆ ಎಲ್ಲ ಕಾರ್ಡಿಗೂ ಅದನ್ನೇ ಹೇಳಿ ಹೇಳಿ ಅದು ಬಾಯಿಪಾಠದ ಹಾಗೆ ಕೇಳುತ್ತದೆ.

ಎರಡನೇ ಸಾಲಿಗೆ: “ಐ ಲಾಸ್ಟ್ ವೆಂಟ್ ದೇರ್ ಇನ್ ಜನವರಿ, ಬಿಕಾಸ್ ಇನ್ ದ ರೇನ್ಸ್ ದ ರಿವರ್ ಕವರ್ಸ್ ಮೋಸ್ಟ್ ಆಫ್ ದ ಕಾರ್ವಿಂಗ್ಸ್.” ಶಾಲ್ಮಲೆ ತುಂಬಿ ಹರಿಯುವಾಗ ಅಲ್ಲಿ ಹೆಚ್ಚಿನ ಲಿಂಗಗಳು ಕಾಣುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತು. ಪರೀಕ್ಷಕರಿಗೆ ಗೊತ್ತಿಲ್ಲ. ಇಂಥ ಒಂದು ಕಾರಣ ಹೇಳಿದರೆ ‘ಬಿಕಾಸ್’ ತಾನಾಗಿಯೇ ಬರುತ್ತದೆ, ವಾಕ್ಯವೂ ಉದ್ದವಾಗುತ್ತದೆ.

ಮೂರನೆಯದಕ್ಕೆ ‘ದೆನ್’ ಬದಲು: “ಬೈ ದ ಟೈಮ್ ವಿ ಗಾಟ್ ದೇರ್, ಇಟ್ ವಾಸ್ ಕ್ವೈಟ್ ಹಾಟ್, ಸೋ ವಿ ಜಸ್ಟ್ ಸ್ಯಾಟ್ ವಿತ್ ಅವರ್ ಫೀಟ್ ಇನ್ ದ ವಾಟರ್.” ಒಂದೇ ವಾಕ್ಯದಲ್ಲಿ ಮೂರು ‘ದೆನ್’ ಬಿಟ್ಟುಹೋದವು.

ಇಲ್ಲಿ ‘ಸೋ’ ಇದೆ, ಇದು ಸುಮ್ನೆ ಜಾಗ ತುಂಬುವ ಪದ, ಫಿಲ್ಲರ್ ಅಲ್ವಾ ಅಂತ ನೀವು ಕೇಳಬಹುದು. ಪತ್ತೆ ಮಾಡುವುದು ಸುಲಭ: ಆ ಪದ ತೆಗೆದು ಓದಿ. ಈ ವಾಕ್ಯದಲ್ಲಿ ‘ಸೋ’ ತೆಗೆದರೆ ಬಿಸಿಲಿಗೂ ನೀರಿಗೂ ಇದ್ದ ನಂಟು ತಪ್ಪುತ್ತದೆ. ಮೊದಲ ಉತ್ತರದ ‘ಸೋ, ಆಕ್ಚುಲಿ’ ತೆಗೆದರೆ ಏನೂ ಕಳೆಯುವುದಿಲ್ಲ. ತೆಗೆದರೂ ಅರ್ಥ ಕೆಡದಿದ್ದರೆ ಅದು ಫಿಲ್ಲರ್. ‘ಆಕ್ಚುಲಿ’ಗೂ ಹೀಗೆಯೇ. ಕೇಳುವವರು ಅಂದುಕೊಂಡದ್ದಕ್ಕಿಂತ ಬೇರೆಯದನ್ನು ಹೇಳುವಾಗ ಅದಕ್ಕೆ ಜಾಗ ಇದೆ, ಸುಮ್ನೆ ಮಾತು ಶುರು ಮಾಡಲು ಇಲ್ಲ.

ಬಸವನ ಹತ್ತಿರ ಬರುವಾಗ: “ವಾಟ್ ಐ ರಿಮೆಂಬರ್ ಮೋಸ್ಟ್ ಈಸ್ ಎ ಸ್ಮಾಲ್ ಸ್ಟೋನ್ ಬುಲ್, ಹಾಫ್ ಅಂಡರ್ ವಾಟರ್.” ಈ ಜೋಡಣೆ ನನಗೆ ತುಂಬ ಇಷ್ಟ. ಮುಖ್ಯವಾದದ್ದು ಈಗ ಬರುತ್ತದೆ ಅಂತ ಕೇಳುವವರಿಗೂ ಹೇಳುತ್ತದೆ, ನಿಮಗೂ ಒಂದೆರಡು ಕ್ಷಣ ಯೋಚಿಸಲು ಬಿಡುತ್ತದೆ.

ಕೊನೆಗೆ: “ಐ ಥಿಂಕ್ ದ ರೀಸನ್ ಐ ಎಂಜಾಯ್ಡ್ ಇಟ್ ಈಸ್ ದಟ್ ನೋಬಡಿ ವಾಸ್ ಇನ್ ಎ ಹರಿ.” ಕಾರ್ಡಿನ ಕೊನೆಯ ಪ್ರಶ್ನೆ ‘ಯಾಕೆ’ ಎಂಬುದು. ಅದಕ್ಕೆ ‘ವೆರಿ ನೈಸ್’ ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ.

ಈ ವಾಕ್ಯಗಳನ್ನೇ ಉರು ಹೊಡೆಯಬೇಡಿ. ಉರು ಹೊಡೆದ ಉತ್ತರವನ್ನು ಪರೀಕ್ಷಕರು ಗುರುತಿಸುತ್ತಾರೆ. ಉಳಿದ ಮಾತು ತಡೆತಡೆದು ಬಂದು, ಒಂದು ವಾಕ್ಯ ಮಾತ್ರ ಸರಸರ ಹರಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

‘ಆಂ’ ಬರುವ ಜಾಗದಲ್ಲಿ ಬಾಯಿ ಮುಚ್ಚಿ

ವಾಕ್ಯ ಮುಗಿದ ಕೂಡಲೇ ತುಟಿ ಸೇರಿಸಿ, ಮೂಗಿನಿಂದ ಒಂದು ಉಸಿರು ಎಳೆದುಕೊಳ್ಳಿ. ತುಟಿ ಸೇರಿದ್ದರೆ ‘ಆಂ’ ಹೊರಡುವುದಿಲ್ಲ. ನಿಮಗೆ ಬಹಳ ಹೊತ್ತು ಸುಮ್ಮನಿದ್ದ ಹಾಗೆ ಅನಿಸುತ್ತದೆ, ರೆಕಾರ್ಡಿಂಗಿನಲ್ಲಿ ಕೇಳಿದರೆ ಒಂದು ಸೆಕೆಂಡು. ಆದರೆ ತಡೆಯುವುದು ವಾಕ್ಯದ ಕೊನೆಯಲ್ಲಿರಲಿ. ‘ವಿ ವೆಂಟ್ ಟು ದ…’ ಅಂತ ನಡುವೆ ನಿಂತರೆ ಅದು ಪದಕ್ಕಾಗಿ ತಡಕಾಡಿದ ಹಾಗೆಯೇ ಕೇಳುತ್ತದೆ.

‘ಪ’ ಗೆರೆಗಳಿಗೆ ಬೇರೆ ದಾರಿ. ಪದ ಸಿಗದಿದ್ದರೆ ಹುಡುಕುತ್ತ ನಿಲ್ಲಬೇಡಿ, ಅದನ್ನು ವಿವರಿಸಿ. ಪಾಚಿಗೆ ‘ಮಾಸ್’ ಅನ್ನುವ ಪದ ಅವಳಿಗೆ ನೆನಪಾಗಲಿಲ್ಲ. “ಇಟ್ ಹ್ಯಾಡ್ ಸಮ್‌ಥಿಂಗ್ ಗ್ರೀನ್ ಅಂಡ್ ಸಾಫ್ಟ್ ಗ್ರೋಯಿಂಗ್ ಆನ್ ಇಟ್ಸ್ ಬ್ಯಾಕ್” ಅಂದಳು. ಹೀಗೆ ಸುತ್ತಿ ಹೇಳುವ ಕಲೆಗೂ ಶಬ್ದಸಂಪತ್ತಿನ ಅಂಕದಲ್ಲಿ ಬೆಲೆ ಇದೆ.

ಅಭ್ಯಾಸ

ಒಂದೇ ಕಾರ್ಡನ್ನು ಮೂರು ಸಲ ಹೇಳಿ. ಮೊದಲು ನಾಲ್ಕು ನಿಮಿಷ, ಆಮೇಲೆ ಮೂರು, ಕೊನೆಗೆ ಎರಡು. ಭಾಷೆ ಕಲಿಸುವವರಲ್ಲಿ ಇದು ಹಳೆಯ ವಿಧಾನ. ವಿಷಯ ಅದೇ ಇರುವುದರಿಂದ ಯೋಚನೆಯ ಹೊರೆ ಪ್ರತಿ ಸಲವೂ ಇಳಿಯುತ್ತದೆ, ಗಮನ ಭಾಷೆಯ ಕಡೆ ಹೋಗುತ್ತದೆ. ಸಾಧ್ಯವಾದರೆ ಪ್ರತಿ ಸಲ ಬೇರೆ ಬೇರೆಯವರಿಗೆ ಹೇಳಿ, ಒಬ್ಬರಿಗೇ ಹೇಳಿದರೆ ಅವರಿಗೂ ಬೇಜಾರು. ಮೂರನೇ ಸಲದ ರೆಕಾರ್ಡಿಂಗಿಗೆ ಮತ್ತೆ ಗೆರೆ ಎಳೆಯಿರಿ. ‘ವಿ’ ಕಡಿಮೆಯಾಗಿ ‘ಪ’ ಹಾಗೇ ಉಳಿದಿದ್ದರೆ ಜೋಡಿಸುವ ಮಾತಿನ ಅಭ್ಯಾಸ ಸಾಕು, ಪದ ಮತ್ತು ವ್ಯಾಕರಣದ ಕಡೆ ತಿರುಗಿ. ಓಘ ಮತ್ತು ಜೋಡಣೆಗೆ ಇರುವುದು ಒಟ್ಟು ಅಂಕದ ಕಾಲುಭಾಗ ಮಾತ್ರ. ಉಳಿದದ್ದು ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆಗೆ ಸಮನಾಗಿ ಹೋಗುತ್ತದೆ. ಫಿಲ್ಲರ್ ಒಂದೂ ಇರಬಾರದು ಅಂತ ಹಟ ಹಿಡಿಯುವುದೂ ಬೇಡ. ಇಂಗ್ಲಿಷ್ ಮನೆಮಾತಿನವರೂ ‘ವೆಲ್’ ಅನ್ನುತ್ತಾರೆ.

ಪರೀಕ್ಷೆಯ ದಿನ ಎರಡು ನಿಮಿಷ ಆದ ಕೂಡಲೇ ಪರೀಕ್ಷಕರು ನಡುವೆಯೇ ನಿಲ್ಲಿಸುತ್ತಾರೆ. ಅದರಿಂದ ಅಂಕ ಹೋಗುವುದಿಲ್ಲ, ವಾಕ್ಯ ಮುಗಿಸಲು ಅವಸರ ಮಾಡಬೇಡಿ. ಆಮೇಲೆ ಅದೇ ವಿಷಯದ ಮೇಲೆ ಒಂದೆರಡು ಸಣ್ಣ ಪ್ರಶ್ನೆ ಕೇಳಬಹುದು. “ಅಲ್ಲಿಗೆ ಮತ್ತೆ ಹೋಗುತ್ತೀರಾ?” ಅಂದರೆ ಒಂದು ವಾಕ್ಯದ ಉತ್ತರ ಸಾಕು: “ಡೆಫಿನೆಟ್‌ಲಿ, ಬಟ್ ನಾಟ್ ಆನ್ ಶಿವರಾತ್ರಿ, ಬಿಕಾಸ್ ಇಟ್ ಗೆಟ್ಸ್ ವೆರಿ ಕ್ರೌಡೆಡ್.”