ಕೊನೆಯ ಇನ್ನೂರು ಬಾಕ್ಸ್

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಹರಾಜು ಕೂಗುವ ನನ್ನ ಕೆಲಸ ಬೆಳಕು ಹರಿಯುವ ಮೊದಲೇ, ಗೇಟಿನ ಬಳಿ ನಿಂತ ಗಾಡಿಗಳನ್ನು ಎಣಿಸುವುದರಿಂದ ಆರಂಭವಾಗುತ್ತದೆ. ಹದಿನೈದು ಕಿಲೋ ಹಿಡಿಯುವ ಬಾಕ್ಸುಗಳು ಎಷ್ಟು ಇಳಿಯಲಿವೆ, ಹೊರಗಿನ ವ್ಯಾಪಾರಿಗಳ ಎಷ್ಟು ಲಾರಿಗಳು ಖಾಲಿ ನಿಂತಿವೆ ಎಂಬ ಎರಡು ಲೆಕ್ಕ ಸಿಕ್ಕರೆ ಆ ದಿನದ ಧಾರಣೆಯ ಅಂದಾಜು ಸಿಗುತ್ತದೆ.

ಒಂದು ದಿನದ ಲೆಕ್ಕ ಹೇಳುತ್ತೇನೆ. ನಮ್ಮ ಮಂಡಿಗೆ 700 ಬಾಕ್ಸ್ ಬಂದಿದ್ದವು. ಚೆನ್ನೈಗೆ ಕಳುಹಿಸುವ ವ್ಯಾಪಾರಿಗೆ 500 ಬಾಕ್ಸ್ ಬೇಕಿತ್ತು, ಅವರು 420 ರೂಪಾಯಿವರೆಗೂ ಏರಲು ಸಿದ್ಧರಿದ್ದರು. ಹೋಟೆಲು, ಅಂಗಡಿಗಳಿಗೆ ಸರಬರಾಜು ಮಾಡುವವರಿಗೆ ಒಟ್ಟು 300 ಬೇಕಿತ್ತು, ಅವರ ಮಿತಿ 350. ರಸ ತೆಗೆಯುವ ಕಾರ್ಖಾನೆಯವರು ಎಷ್ಟಾದರೂ ಕೊಳ್ಳುತ್ತಾರೆ, ಆದರೆ 200ಕ್ಕಿಂತ ಮೇಲೆ ಕೂಗುವುದಿಲ್ಲ. ಚೆನ್ನೈಯವರು 500 ಒಯ್ದ ಮೇಲೂ 200 ಬಾಕ್ಸ್ ಉಳಿಯುತ್ತಿದ್ದುದರಿಂದ, ಅವು ಹೋಟೆಲಿನವರ ಕೈ ಸೇರಲೇಬೇಕಿತ್ತು. ಹಾಗಾಗಿ ಧಾರಣೆ 350ರ ಆಸುಪಾಸಿನಲ್ಲಿ ನಿಂತಿತು. 420 ಕೊಡಬಲ್ಲವರೂ ಅಷ್ಟಕ್ಕೇ ಪಡೆದರು, ಏಕೆಂದರೆ ಪಕ್ಕದ ರಾಶಿ 350ಕ್ಕೆ ಸಿಗುವಾಗ ಹೆಚ್ಚು ಕೂಗುವವರು ಯಾರು?

ಮರುದಿನ ಬಂದದ್ದು 900. ಕೊಳ್ಳುವವರು ಅವರೇ, ಹಣ್ಣೂ ಅದೇ ಗುಣಮಟ್ಟದ್ದು. ಆದರೆ ಮೊದಲ ಎರಡು ಗುಂಪಿಗೆ 800 ಸಾಕಾಗಿ, ಉಳಿದ ನೂರು ಕಾರ್ಖಾನೆಗೆ ಹೋಗಬೇಕಾಯಿತು. ಮೊದಲ ನಾಲ್ಕೈದು ರಾಶಿಗಳು 340ಕ್ಕೆ ಹೋದವು. ಹಣ್ಣು ಮಿಗುತ್ತದೆಂಬುದು ವ್ಯಾಪಾರಿಗಳಿಗೆ ತಿಳಿದ ಮೇಲೆ ಕೂಗು ಇಳಿಯುತ್ತಾ ಹೋಗಿ 200ಕ್ಕೆ ಬಂದಿತು. "ಅಣ್ಣಾ, ನಿನ್ನೆ ಮುನ್ನೂರೈವತ್ತಿತ್ತಲ್ಲ!" ಎಂದು ರೈತರೊಬ್ಬರು ನನ್ನನ್ನೇ ದಿಟ್ಟಿಸಿದರು. ಅವರು ಸಾಲಿನಲ್ಲಿ ತಡವಾಗಿ ನಿಂತಿದ್ದರು, ಅಷ್ಟೇ.

ಕೂಗು ಇಳಿದಾಗಲೆಲ್ಲ ಕಾರಣ ಹೆಚ್ಚಿನ ಆವಕವೇ ಆಗಿರುವುದಿಲ್ಲ. ಕೊಳ್ಳುವವರು ತಮ್ಮತಮ್ಮೊಳಗೆ ಮಾತಾಡಿಕೊಂಡು ಮೇಲೇರದೆ ನಿಲ್ಲುವುದೂ ಉಂಟು. ನೆರೆಯ ಮಂಡಿಯಲ್ಲಿ ಅದೇ ಹಣ್ಣು ನಲವತ್ತು ರೂಪಾಯಿ ಹೆಚ್ಚಿಗೆ ಹೋಗುತ್ತಿದ್ದರೆ ಅನುಮಾನ ಪಡಬೇಕು. ಆಗ ನಾನು ರಾಶಿಯನ್ನು ತಡೆದು, ಹೊಸ ವ್ಯಾಪಾರಿ ಬರುವವರೆಗೆ ಕಾಯುತ್ತೇನೆ. ಆದರೆ ಕೆಂಪಾಗಿ ಮಾಗಿದ ಹಣ್ಣನ್ನು ಹೆಚ್ಚು ಹೊತ್ತು ಕಾಯಿಸಲಾಗದು, ಅದು ಕೊಳ್ಳುವವರಿಗೂ ಗೊತ್ತು.

ಧಾರಣೆ ಕುಸಿದರೂ ಆ ಮುಂಜಾನೆಯ ಪೂರೈಕೆ ಕಡಿಮೆಯಾಗುವುದಿಲ್ಲ, ಏಕೆಂದರೆ ಕಿತ್ತ ಹಣ್ಣು ಗಿಡಕ್ಕೆ ಮರಳದು. ಕೀಳುವ ಕೂಲಿ ಮತ್ತು ಗಾಡಿ ಬಾಡಿಗೆಯೂ ಹುಟ್ಟದಷ್ಟು ಇಳಿದರೆ ಮಾತ್ರ ಮುಂದಿನ ಕೊಯ್ಲನ್ನು ರೈತರು ಕೈಬಿಡುತ್ತಾರೆ, ಆಗ ಗೇಟಿನ ಬಳಿ ಗಾಡಿಗಳು ಕಡಿಮೆಯಾಗುತ್ತವೆ. ಬೆಲೆ ಏರಿದಾಗಲೂ ಹೀಗೆಯೇ ತಡ: ನಾಟಿ ಮಾಡಿದ ಸಸಿ ಹಣ್ಣು ಕೊಡಲು ಎರಡು ತಿಂಗಳಿಗೂ ಹೆಚ್ಚು ಬೇಕು. 2023ರ ಜುಲೈಯಲ್ಲಿ ಇಲ್ಲಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಹೊಸ ಬೆಳೆಯ ಆವಕ ಹೆಚ್ಚಿ, ಅದೇ ಅಂಗಳದಲ್ಲಿ ನಾನು ನೂರರ ಲೆಕ್ಕದಲ್ಲಿ ಕೂಗುತ್ತಿದ್ದೆ.